ಬಡ್ಡಿಯೇ ಸಾಕ್ಷಿ: ಸಂಘದ ಲೆಡ್ಜರ್ ಫೋಟೊದಿಂದ ಬಾಕಿ ಲೆಕ್ಕ

“ಅಕ್ಕಾ, ನಂದು ಉಳಿತಾಯ ಎಷ್ಟಾಯ್ತು, ಸಾಲ ಇನ್ನೆಷ್ಟು ಉಳೀತು?” ಸ್ವಸಹಾಯ ಸಂಘದಲ್ಲಿ ಪುಸ್ತಕ ಬರೆಯುವವರಿಗೆ ಇಷ್ಟು ಪರಿಚಿತವಾದ ಪ್ರಶ್ನೆ ಬೇರೊಂದಿಲ್ಲ. ಪುಸ್ತಕ ಎದುರಿಗಿದ್ದರೆ ಪುಟ ತಿರುಗಿಸಿ ಹೇಳಿಬಿಡಬಹುದು. ಈಗ ಪುಸ್ತಕ ಒಂದು ಕಡೆ, ಲೆಕ್ಕ ಮಾಡುವವರು ಇನ್ನೊಂದು ಕಡೆ ಇರುವುದೇ ಹೆಚ್ಚು. ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಅಂಕಿಅಂಶ ಕೊಡಬೇಕು, ಬ್ಯಾಂಕ್ ಸಾಲದ ಅರ್ಜಿಗೆ ಸದಸ್ಯರ ಪಟ್ಟಿ ಬೇಕು, ಲೆಕ್ಕ ತಪಾಸಣೆ ಹತ್ತಿರ ಬಂದಿದೆ. ಆಗ ಸಂಘದವರು ಲೆಡ್ಜರಿನ ಪುಟಗಳನ್ನು ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾರೆ. ಆ ಫೋಟೊಗಳನ್ನು ನೋಡಿಕೊಂಡು ಪ್ರತಿಯೊಬ್ಬ ಸದಸ್ಯೆಯ ಬಾಕಿ ಕಟ್ಟುವ ಕೆಲಸ ಮುಖ್ಯ ಪುಸ್ತಕ ಬರಹಗಾರರ ಪಾಲಿಗೆ, ಇಲ್ಲವೇ ಓದು ಬಲ್ಲ ಯಾರೋ ಮಗಳ ಪಾಲಿಗೆ ಬರುತ್ತದೆ.

ಫೋಟೊ ನೋಡಿ ಅಂಕಿ ಇಳಿಸಿಕೊಳ್ಳುವುದು ಕಣ್ಣಿನ ಕೆಲಸ ಎಂದು ಅನಿಸುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ. ಮಸುಕಾದ ಒಂದು ಅಂಕಿ 5 ಇರಬಹುದು, 8 ಇರಬಹುದು, ಎಷ್ಟು ದೊಡ್ಡದು ಮಾಡಿ ನೋಡಿದರೂ ಕಣ್ಣಿಗೆ ತೀರ್ಮಾನ ಸಿಗುವುದಿಲ್ಲ. ಆದರೆ ಲೆಡ್ಜರಿನ ಯಾವ ಅಂಕಿಯೂ ಒಂಟಿಯಾಗಿ ಕೂತಿರುವುದಿಲ್ಲ. ಮೇಲಿನ ಸಾಲಿನೊಂದಿಗೆ, ಪಕ್ಕದ ಕಲಮಿನೊಂದಿಗೆ, ಕ್ಯಾಶ್ ಬುಕ್ಕಿನ ಮೊತ್ತದೊಂದಿಗೆ ಅದಕ್ಕೆ ಸಂಬಂಧ ಇರುತ್ತದೆ. ಆ ಸಂಬಂಧ ಹಿಡಿದು ಹೋದರೆ ಕಾಣದ ಅಂಕಿಯೂ ಸಿಗುತ್ತದೆ, ಪುಸ್ತಕ ಬರೆದವರೇ ಮಾಡಿದ ತಪ್ಪೂ ಸಿಗುತ್ತದೆ.

ಒಂದೇ ಹಣ, ಹಲವು ಕಡೆ ಬರಹ

ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದ ನಡುವಿನಿಂದ ಹಳ್ಳಿಗಳಲ್ಲಿ ಇಂಥ ಸಂಘಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಸಂಘಗಳು ಯಾರ ಆಶ್ರಯದಲ್ಲಿ ಹುಟ್ಟಿದರೂ ಪುಸ್ತಕಗಳ ರೂಪ ಹೆಚ್ಚುಕಡಿಮೆ ಒಂದೇ: ನಡಾವಳಿ ಪುಸ್ತಕ, ಕ್ಯಾಶ್ ಬುಕ್, ಉಳಿತಾಯದ ಲೆಡ್ಜರ್, ಸಾಲದ ಲೆಡ್ಜರ್, ಜೊತೆಗೆ ಪ್ರತಿ ಸದಸ್ಯೆಯ ಕೈಯಲ್ಲಿ ಒಂದು ಪಾಸ್ ಬುಕ್. ಲೆಕ್ಕ ಸರಿಯಾಗಿ ಬರೆಯುವುದು ಸಂಘಗಳ ‘ಪಂಚಸೂತ್ರ’ಗಳಲ್ಲಿ ಒಂದು. ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ ಉಳಿದ ನಾಲ್ಕು. ದೀನದಯಾಳ್ ಅಂತ್ಯೋದಯ ಯೋಜನೆಯಡಿ ಬ್ಯಾಂಕ್ ಸಾಲಕ್ಕೆ ಬರುವ ಸಂಘ ಕನಿಷ್ಠ ಆರು ತಿಂಗಳು ಚಟುವಟಿಕೆಯಿಂದ ಇರಬೇಕು ಎನ್ನುವ ರಿಸರ್ವ್ ಬ್ಯಾಂಕ್, ಆ ಆರು ತಿಂಗಳನ್ನು ಬ್ಯಾಂಕ್ ಖಾತೆ ತೆರೆದ ದಿನದಿಂದ ಎಣಿಸುವುದಿಲ್ಲ, ಸಂಘದ ಲೆಕ್ಕದ ಪುಸ್ತಕಗಳಿಂದ ಎಣಿಸುತ್ತದೆ.

ಸದಸ್ಯೆ ಸಭೆಯಲ್ಲಿ ಐವತ್ತು ರೂಪಾಯಿ ಕೊಟ್ಟರೆ ಅದು ಲೆಡ್ಜರಿನಲ್ಲಿ ಅವರ ಪುಟಕ್ಕೆ ಹೋಗುತ್ತದೆ, ಅವರ ಪಾಸ್ ಬುಕ್ಕಿಗೆ ಹೋಗುತ್ತದೆ, ಆ ದಿನದ ಒಟ್ಟು ಜಮೆಯ ಭಾಗವಾಗಿ ಕ್ಯಾಶ್ ಬುಕ್ಕಿಗೂ ಹೋಗುತ್ತದೆ. ಆದ್ದರಿಂದ ಫೋಟೊ ಕೇಳುವಾಗಲೇ ಬರೀ ಲೆಡ್ಜರ್ ಪುಟ ಕೇಳಿದರೆ ಸಾಲದು. ಅದೇ ಅವಧಿಯ ಕ್ಯಾಶ್ ಬುಕ್ ಪುಟಗಳೂ ಬೇಕು. ತಾಳೆ ನೋಡಲು ಎರಡನೆಯ ಬರಹವೇ ಇಲ್ಲದಿದ್ದರೆ ಅನುಮಾನ ಬಂದ ಕಡೆಯೆಲ್ಲ ಊಹೆ ಮಾಡಬೇಕಾಗುತ್ತದೆ.

ಫೋಟೊ ಹಿಡಿಯುವ ರೀತಿಗೂ ಒಂದೆರಡು ನಿಯಮ ಇವೆ. ಪುಸ್ತಕವನ್ನು ಹಗಲು ಬೆಳಕಿನಲ್ಲಿ ಮಟ್ಟಸವಾಗಿ ಹರಡಿ, ನೇರ ಮೇಲಿನಿಂದ ಹಿಡಿಯಬೇಕು. ಹೊಲಿಗೆಯ ಕಡೆ ಪುಟ ಬಾಗಿದಲ್ಲಿ ಅಂಚಿನ ಕಲಮು ಮುಚ್ಚಿಹೋಗುತ್ತದೆ, ಅದು ಹೆಚ್ಚಾಗಿ ಎಡಪುಟದ ‘ಬಾಕಿ’ ಕಲಮೇ ಆಗಿರುತ್ತದೆ. ಪುಟದ ತಲೆಯಲ್ಲಿರುವ ಸದಸ್ಯೆಯ ಹೆಸರು, ಲೆಡ್ಜರ್ ಪುಟ ಸಂಖ್ಯೆ, ಕಲಮುಗಳ ಶೀರ್ಷಿಕೆ ಫೋಟೊದೊಳಗೆ ಬಂದಿರಲೇಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗಿ ಅಂಕಿಗಳು ಕಲೆಸುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಿಡಿದಷ್ಟೇ ಸ್ಪಷ್ಟವಾಗಿ ಬರುತ್ತದೆ. ಯಾರ ಸಾಲ ಎಷ್ಟು ಎಂಬುದು ಆ ಪುಟದಲ್ಲಿ ಬಯಲಾಗಿರುವುದರಿಂದ, ಊರಿನ ಗ್ರೂಪಿಗೆ ಹಾಕದೆ ಲೆಕ್ಕ ಮಾಡುವವರಿಗೆ ಮಾತ್ರ ಕಳಿಸುವುದು ಮರ್ಯಾದೆ.

ಗೀಟಿಗೂ ಒಂದು ಬೆಲೆ ಇದೆ

ಮೊದಲು ಉಳಿತಾಯದ ಪುಟ ನೋಡೋಣ. ಇದು ಸುಲಭ, ಪ್ರತಿ ವಾರದ ಜಮೆಯನ್ನು ಹಿಂದಿನ ಒಟ್ಟಿಗೆ ಸೇರಿಸುತ್ತ ಹೋಗಬೇಕು ಅಷ್ಟೆ. ತೊಂದರೆ ಕೊಡುವುದು ಕೂಡಿಕೆಯಲ್ಲ, ಗುರುತುಗಳು.

12 ಸದಸ್ಯೆಯರ ಒಂದು ಸಂಘ ಎಂದುಕೊಳ್ಳಿ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಒಂದು ಮಂಗಳವಾರದ ಸಾಲಿನಲ್ಲಿ ಮೊದಲ ಹೆಸರಿನ ಮುಂದೆ 50/- ಎಂದಿದೆ. ಅದರ ಕೆಳಗೆ ಒಂಬತ್ತು ಹೆಸರುಗಳಿಗೆ ‘ಅದೇ’ ಎನ್ನುವ ಎರಡು ಚುಕ್ಕೆ ಗುರುತು. ಒಬ್ಬರ ಮುಂದೆ 100, ಹಿಂದಿನ ವಾರದ್ದೂ ಸೇರಿ. ಕೊನೆಯವರ ಮುಂದೆ ಒಂದು ಅಡ್ಡ ಗೀಟು. ಆ ಗೀಟನ್ನೂ ‘ಅದೇ’ ಎಂದು ಓದಿದರೆ ದಿನದ ಒಟ್ಟು 650 ಆಗುತ್ತದೆ. ಕ್ಯಾಶ್ ಬುಕ್ಕಿನಲ್ಲಿ ಅದೇ ದಿನಾಂಕಕ್ಕೆ ಉಳಿತಾಯ ಜಮೆ 600 ಎಂದಿದೆ. ಹೆಚ್ಚಾದ 50 ಎಲ್ಲಿಂದ ಬಂತು ಎಂದು ಹುಡುಕಿದರೆ ಗೀಟಿಗೆ ಬಂದು ನಿಲ್ಲುತ್ತೇವೆ. ಗೀಟು ಎಂದರೆ ಆ ಸದಸ್ಯೆ ಅವತ್ತು ಕಟ್ಟಿಲ್ಲ, ಬೆಲೆ ಸೊನ್ನೆ.

50/- ಎಂಬಲ್ಲಿನ ಓರೆಗೀಟು ಇನ್ನೊಂದು ಬಲೆ. ಅವಸರದ ಕೈಬರಹದಲ್ಲಿ ಅದು 1 ಆಗಿ ಕಂಡು 50 ಹೋಗಿ 501 ಆಗಿಬಿಡುತ್ತದೆ. ಕನ್ನಡ ಅಂಕಿ ಬಳಸುವ ಹಿರಿಯ ಬರಹಗಾರರ ಪುಸ್ತಕದಲ್ಲಿ ೬ ಮತ್ತು ೯, ೨ ಮತ್ತು ೩ ಅದಲುಬದಲಾಗುವ ಜೋಡಿಗಳು. ಒಂದೇ ಪುಟದಲ್ಲಿ ದಿನಾಂಕ ಕನ್ನಡ ಅಂಕಿಯಲ್ಲಿ, ಹಣ ಇಂಗ್ಲಿಷ್ ಅಂಕಿಯಲ್ಲಿ ಇರುವುದೂ ಉಂಟು. ಒಬ್ಬರ ಕೈಬರಹ ಓದಲು ಕೂರುವ ಮುಂಚೆ, ಆ ಪುಟದಲ್ಲಿ ಅನುಮಾನವೇ ಇಲ್ಲದ ದಿನಾಂಕಗಳನ್ನು ನೋಡಿ ಅವರು ಯಾವ ಅಂಕಿಯನ್ನು ಹೇಗೆ ಬರೆಯುತ್ತಾರೆ ಎಂದು ಗುರುತು ಮಾಡಿಕೊಂಡರೆ ಮುಂದಿನ ದಾರಿ ಸಲೀಸು.

ಪುಟ ಮುಗಿದಲ್ಲಿ ಎಚ್ಚರ ಬೇಕು. ಹೊಸ ಪುಟದ ಮೊದಲ ಸಾಲಿನಲ್ಲಿ ‘ಹಿಂದಿನ ಪುಟದಿಂದ ತಂದದ್ದು 2,600’ ಎಂದಿರುತ್ತದೆ. ಫೋಟೊಗಳು ಬಿಡಿಬಿಡಿಯಾಗಿ ಬಂದಾಗ ಇದನ್ನು ಅವತ್ತು ಕಟ್ಟಿದ ಉಳಿತಾಯ ಎಂದು ಸೇರಿಸಿಬಿಡುವುದು ಸುಲಭ, ಆಗ ಸದಸ್ಯೆಯ ಉಳಿತಾಯ ಕೂತಲ್ಲೇ ಎರಡು ಪಟ್ಟಾಗುತ್ತದೆ. ಆ ಸಾಲು ಜಮೆಯಲ್ಲ, ಸೇತುವೆ. ಹಿಂದಿನ ಪುಟದ ಕೊನೆಯ ಒಟ್ಟಿನೊಂದಿಗೆ ಅದು ಹೊಂದಿದರೆ ನಡುವೆ ಯಾವ ಪುಟವೂ ಬಿಟ್ಟುಹೋಗಿಲ್ಲ ಎಂದು ಗೊತ್ತಾಗುತ್ತದೆ. ಹೊಂದದಿದ್ದರೆ ಇನ್ನೊಂದು ಫೋಟೊ ಬರಬೇಕಾಗಿದೆ.

ಸಾಲದ ಪುಟ: ಐವತ್ತರಿಂದ ಗುಣಿಸಿ

ಕುತೂಹಲದ ಭಾಗ ಸಾಲದ ಪುಟದ್ದು. ಲೆಕ್ಕ ಹಿಡಿಯುವ ಮೊದಲು ಸಂಘದ ಬಡ್ಡಿ ನಿಯಮ ತಿಳಿದಿರಬೇಕು. ಅದು ನಡಾವಳಿ ಪುಸ್ತಕದ ತೀರ್ಮಾನದಲ್ಲಿ ಇರುತ್ತದೆ. ನಮ್ಮ ಉದಾಹರಣೆಯ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಉಳಿದ ಅಸಲಿನ ಮೇಲೆ ಮಾತ್ರ. ಕಟ್ಟದೆ ಬಿಟ್ಟ ಬಡ್ಡಿ ಅಸಲಿಗೆ ಸೇರುವುದಿಲ್ಲ, ಮುಂದಿನ ಸಲ ಕೂಡಿಸಿ ಕೊಡಬೇಕು. ಸದಸ್ಯೆಯನ್ನು ಗಂಗಮ್ಮ ಎಂದು ಕರೆಯೋಣ. ಅವರು ಜೂನ್‌ನಲ್ಲಿ ಹಸುವಿಗೆಂದು 10,000 ಸಾಲ ತೆಗೆದಿದ್ದಾರೆ. ಫೋಟೊದಲ್ಲಿ ಕಂಡದ್ದು ಇಷ್ಟು:

| ತಿಂಗಳು | ಸಾಲ ಕೊಟ್ಟದ್ದು | ಅಸಲು ಕಟ್ಟಿದ್ದು | ಬಡ್ಡಿ | ಬಾಕಿ |
|---|---|---|---|---|
| ಜೂನ್ | 10,000 | – | – | 10,000 |
| ಜುಲೈ | – | 1,000 | 200 | 9,000 |
| ಆಗಸ್ಟ್ | – | 1,000 | 180 | 8,000 |
| ಸೆಪ್ಟೆಂಬರ್ | – | – | – | 8,000 |
| ಅಕ್ಟೋಬರ್ | – | 1,?00 | 320 | 6,500 |
| ನವೆಂಬರ್ | – | 1,000 | 130 | 5,600 |
| ಡಿಸೆಂಬರ್ | – | 1,000 | 112 | 4,600 |

ಅಕ್ಟೋಬರ್ ಸಾಲಿನಲ್ಲಿ ಎಣ್ಣೆಯ ಕಲೆ ಬಿದ್ದಿದೆ. ಅಸಲು 1,500 ಇರಬಹುದು, 1,800 ಇರಬಹುದು. ಹಿಂದಿನ ಬಾಕಿ 8,000ದಿಂದ ಈಗಿನ 6,500 ಕಳೆದರೆ 1,500 ಬರುತ್ತದೆ. ಆದರೆ ಆ 6,500 ಅನ್ನೇ ತಪ್ಪಾಗಿ ಓದಿದ್ದರೆ? ಇಲ್ಲಿ ಬಡ್ಡಿ ಸಾಕ್ಷಿ ಹೇಳುತ್ತದೆ. ನೂರಕ್ಕೆ ಎರಡರಂತೆ ಬಡ್ಡಿ ಹಾಕಿದ್ದರೆ, ಯಾವುದೇ ತಿಂಗಳ ಬಡ್ಡಿಯನ್ನು 50ರಿಂದ ಗುಣಿಸಿದರೆ ಅದಕ್ಕೆ ಹಿಂದಿನ ತಿಂಗಳ ಬಾಕಿ ಬರಬೇಕು. ನವೆಂಬರಿನ ಬಡ್ಡಿ 130, ಐವತ್ತರಿಂದ ಗುಣಿಸಿದರೆ 6,500. ಅಸಲು 1,800 ಆಗಿದ್ದರೆ ಬಾಕಿ 6,200ಕ್ಕೆ ಇಳಿದು ಬಡ್ಡಿ 124 ಆಗಬೇಕಿತ್ತು. ಅಲ್ಲಿಗೆ ಕಲೆಯ ಕೆಳಗಿನ ಅಂಕಿ 5 ಎಂದು ಖಚಿತ.

ಅಕ್ಟೋಬರಿನ 320 ಕಂಡು ಗಾಬರಿ ಬೇಡ. ಸೆಪ್ಟೆಂಬರಿನಲ್ಲಿ ಗಂಗಮ್ಮ ಏನೂ ಕಟ್ಟಿಲ್ಲ, ಆ ತಿಂಗಳ 160 ಮತ್ತು ಅಕ್ಟೋಬರಿನ 160 ಸೇರಿ 320. ಸುಸ್ತಿ ಬಿದ್ದ ತಿಂಗಳು ಇದ್ದರೆ ಐವತ್ತರ ಗುಣಾಕಾರ ಎರಡು ಪಟ್ಟು ತೋರಿಸುತ್ತದೆ, ಅದೂ ಒಂದು ಸುಳಿವು.

ಈಗ ನವೆಂಬರ್. 6,500ರಲ್ಲಿ 1,000 ಕಳೆದರೆ 5,500 ಆಗಬೇಕು, ಪುಸ್ತಕದಲ್ಲಿ 5,600 ಇದೆ. ಇದು ನಾವು ಓದಿದ ತಪ್ಪೋ, ಬರೆದವರ ತಪ್ಪೋ? ಮತ್ತೆ ಬಡ್ಡಿಯನ್ನೇ ಕೇಳಬೇಕು. ಡಿಸೆಂಬರಿನ ಬಡ್ಡಿ 112, ಐವತ್ತರಿಂದ ಗುಣಿಸಿದರೆ 5,600. ಅಂದರೆ ಪುಸ್ತಕ ಬರೆದವರೇ 5,600 ಎಂದು ತಿಳಿದು ಬಡ್ಡಿ ಹಾಕಿದ್ದಾರೆ. ಬಡ್ಡಿ 110 ಇದ್ದಿದ್ದರೆ ಪುಸ್ತಕದಲ್ಲಿ 5,500 ಇತ್ತು, ಫೋಟೊ ನಮ್ಮ ಕಣ್ಣಿಗೆ ಮೋಸ ಮಾಡಿದೆ ಎಂದಾಗುತ್ತಿತ್ತು. ಓದಿದ ತಪ್ಪು ಆ ಒಂದು ಮನೆಯಲ್ಲೇ ನಿಲ್ಲುತ್ತದೆ. ಬರೆದ ತಪ್ಪು ಮುಂದಿನ ಸಾಲುಗಳಿಗೆಲ್ಲ ಹರಿದು ಹೋಗುತ್ತದೆ.

ಇಷ್ಟಕ್ಕೇ ಗಂಗಮ್ಮನ ಬಾಕಿ 5,500 ಎಂದು ತೀರ್ಪು ಕೊಡುವಂತಿಲ್ಲ. ನವೆಂಬರಿನಲ್ಲಿ ಅವರು ನಿಜವಾಗಿ 900 ಮಾತ್ರ ಕಟ್ಟಿದ್ದು, ಬಾಕಿ ಸರಿಯಾಗಿ ಬರೆದು ಅಸಲಿನ ಮನೆಯಲ್ಲಿ ಅಭ್ಯಾಸಬಲದಿಂದ 1,000 ಎಂದು ಬರೆದಿರಲೂಬಹುದು. ಲೆಡ್ಜರಿನೊಳಗೇ ಕೂತು ಇದನ್ನು ಬಿಡಿಸಲಾಗದು. ಕ್ಯಾಶ್ ಬುಕ್ಕಿಗೆ ಹೋಗಬೇಕು. ಅಲ್ಲಿ ನವೆಂಬರ್ ಸಭೆಯ ದಿನ ಗಂಗಮ್ಮನ ಹೆಸರಿನಲ್ಲಿ ಅಸಲು ಬಡ್ಡಿ ಸೇರಿ 1,130 ಜಮೆ ಆಗಿದ್ದರೆ ಕಳೆಯುವಾಗ ತಪ್ಪಿದೆ, ಡಿಸೆಂಬರಿನ ಬಾಕಿ 4,500 ಆಗಬೇಕು, ಹೆಚ್ಚು ಕಟ್ಟಿಸಿಕೊಂಡ ಎರಡು ರೂಪಾಯಿ ಬಡ್ಡಿಯೂ ಅವರಿಗೆ ಸೇರಬೇಕು. 1,030 ಇದ್ದರೆ ಬಾಕಿ 4,600 ಸರಿ, ಅಸಲಿನ ಅಂಕಿ ತಪ್ಪು. ಕ್ಯಾಶ್ ಬುಕ್ಕಿನಲ್ಲಿ ಹೆಸರುಗಳಿಲ್ಲದೆ ಒಟ್ಟು ಮೊತ್ತ ಮಾತ್ರ ಇದ್ದರೆ, ಅವತ್ತಿನ ಎಲ್ಲ ಸದಸ್ಯೆಯರ ಕಂತು ಕೂಡಿಸಿ ಆ ಮೊತ್ತಕ್ಕೆ ತಾಳೆ ನೋಡಬೇಕು. ನೂರು ರೂಪಾಯಿ ವ್ಯತ್ಯಾಸ ಬಂದರೆ ಉತ್ತರ ಅಲ್ಲಿದೆ.

ಕೆಲವು ಪುಸ್ತಕಗಳಲ್ಲಿ ಅಸಲು, ಬಡ್ಡಿಯ ಜೊತೆ ‘ಒಟ್ಟು’ ಎಂಬ ಕಲಮೂ ಇರುತ್ತದೆ. ಫೋಟೊದಲ್ಲಿ ಶೀರ್ಷಿಕೆ ಕತ್ತರಿಸಿಹೋಗಿದ್ದರೆ ಒಟ್ಟನ್ನೇ ಅಸಲು ಎಂದು ಕಳೆದುಬಿಡುವ ಅಪಾಯ ಇದೆ. ಹಾಗಾದಾಗ ಬಾಕಿ ಬೇಗಬೇಗ ಇಳಿಯುತ್ತದೆ, ಸದಸ್ಯೆಗೆ ಸಂತೋಷ, ಸಂಘಕ್ಕೆ ನಷ್ಟ. ಇನ್ನು ಬಡ್ಡಿಯ ಕಲಮಿನಲ್ಲಿ ಪ್ರತಿ ತಿಂಗಳೂ 200, 200 ಎಂದೇ ಇದ್ದರೆ ಆ ಸಂಘ ಮೊದಲ ಸಾಲದ ಪೂರ್ತಿ ಮೊತ್ತದ ಮೇಲೆ ಬಡ್ಡಿ ಹಾಕುತ್ತಿದೆ ಎಂದರ್ಥ. ಅಲ್ಲಿ ಐವತ್ತರ ಉಪಾಯ ನಡೆಯುವುದಿಲ್ಲ, ಕಳೆಯುವ ಲೆಕ್ಕ ಮತ್ತು ಕ್ಯಾಶ್ ಬುಕ್ ಎರಡನ್ನೇ ನೆಚ್ಚಬೇಕು. ಬಡ್ಡಿ ದರ ಬೇರೆ ಇದ್ದರೆ ಗುಣಿಸುವ ಸಂಖ್ಯೆಯೂ ಬೇರೆ: ನೂರಕ್ಕೆ ಒಂದು ರೂಪಾಯಿಗೆ 100, ಒಂದೂವರೆ ರೂಪಾಯಿಗೆ ಹತ್ತಿರ ಹತ್ತಿರ 67.

ಹಾಳೆಯಲ್ಲಿ ಎರಡು ಬಾಕಿ

ಫೋಟೊ ನೋಡಿ ಎಕ್ಸೆಲ್ ಹಾಳೆಗೆ ಇಳಿಸುವಾಗ ಒಂದು ಶಿಸ್ತು ಇಟ್ಟುಕೊಂಡರೆ ಈ ತಪಾಸಣೆಯೆಲ್ಲ ತಾನಾಗಿ ನಡೆಯುತ್ತದೆ. ಪುಸ್ತಕದಲ್ಲಿ ಬರೆದ ಬಾಕಿ ಒಂದು ಕಲಮು, ನಾವು ಲೆಕ್ಕ ಹಾಕಿದ ಬಾಕಿ ಇನ್ನೊಂದು ಕಲಮು. ಎರಡನ್ನೂ ಇಡಬೇಕು, ಒಂದರ ಮೇಲೆ ಇನ್ನೊಂದನ್ನು ಬರೆಯಬಾರದು. A ದಿನಾಂಕ, B ಕೊಟ್ಟ ಸಾಲ, C ಅಸಲು, D ಬಡ್ಡಿ, E ಪುಸ್ತಕದ ಬಾಕಿ, F ನಮ್ಮ ಬಾಕಿ ಎಂದಿಟ್ಟುಕೊಳ್ಳಿ. ಎರಡನೆಯ ಸಾಲಿನಲ್ಲಿ ಸಾಲ ಕೊಟ್ಟ ದಿನ ಇದ್ದರೆ F2ರಲ್ಲಿ `=B2`. ಮೂರನೆಯ ಸಾಲಿನ F, G, H ಮನೆಗಳಲ್ಲಿ ಕ್ರಮವಾಗಿ ಇವು:

```
=F2+B3-C3
=E3-F3
=D3-F2*2%
```

ಕೆಳಗಿನವರೆಗೆ ಎಳೆದರೆ G ಕಲಮು ಬಾಕಿಯ ವ್ಯತ್ಯಾಸ ತೋರಿಸುತ್ತದೆ, H ಬಡ್ಡಿಯ ವ್ಯತ್ಯಾಸ ತೋರಿಸುತ್ತದೆ. ಗಂಗಮ್ಮನ ಹಾಳೆಯಲ್ಲಿ ಕಲೆ ಬಿದ್ದ ಮನೆಗೆ 1,500 ತುಂಬಿದ ಮೇಲೆ G ನವೆಂಬರಿನವರೆಗೆ ಸೊನ್ನೆ ಇದ್ದು ಅಲ್ಲಿಂದ 100, 100 ಎಂದು ಮುಂದುವರಿಯುತ್ತದೆ. H ಸೆಪ್ಟೆಂಬರಿನಲ್ಲಿ 160 ಕಡಿಮೆ, ಅಕ್ಟೋಬರಿನಲ್ಲಿ 160 ಹೆಚ್ಚು, ಎರಡೂ ಸೇರಿ ಸೊನ್ನೆ. ಡಿಸೆಂಬರಿನಲ್ಲಿ 2 ಹೆಚ್ಚು. ಓದಲು ಆಗದ ಅಂಕಿಯನ್ನು ಊಹಿಸಿ ತುಂಬಿದ್ದರೆ ಆ ಮನೆಗೆ ಹಳದಿ ಬಣ್ಣ ಹಾಕಿಡಬೇಕು. ನಾಳೆ ಬೇರೆಯವರು ನೋಡಿದಾಗ ಕಂಡದ್ದು ಯಾವುದು, ತರ್ಕದಿಂದ ಹಾಕಿದ್ದು ಯಾವುದು ಎಂದು ಗೊತ್ತಾಗುತ್ತದೆ.

ಉಳಿತಾಯವನ್ನು ಸಾಲದಿಂದ ಕಳೆದು ‘ನಿವ್ವಳ’ ಎಂದು ಒಂದೇ ಅಂಕಿ ಕೊಡುವವರಿದ್ದಾರೆ. ಅದು ಬೇಡ. ಉಳಿತಾಯ ಸಂಘ ಸದಸ್ಯೆಗೆ ಕೊಡಬೇಕಾದದ್ದು, ಸಾಲ ಸದಸ್ಯೆ ಸಂಘಕ್ಕೆ ಕೊಡಬೇಕಾದದ್ದು, ಬಡ್ಡಿ ಬೀಳುವುದು ಪೂರ್ತಿ ಸಾಲದ ಮೇಲೆ. ಸಂಘ ಬಿಟ್ಟು ಹೋಗುವವರ ಲೆಕ್ಕ ಚುಕ್ತಾ ಮಾಡುವಾಗ ಮಾತ್ರ ಎರಡನ್ನೂ ಎದುರುಬದುರು ಇಡುತ್ತಾರೆ.

ಕೊನೆಯ ತಾಳೆ

ಎಲ್ಲರ ಪುಟ ಮುಗಿದ ಮೇಲೆ ಇಡೀ ಸಂಘಕ್ಕೆ ಒಂದು ತಾಳೆ ಉಂಟು. ನಮ್ಮ ಸಂಘಕ್ಕೆ ಎರಡು ವರ್ಷ, ಅಂದರೆ 104 ವಾರ ತುಂಬಿದೆ, ತಪ್ಪಿಸಿದವರೆಲ್ಲ ಆಮೇಲೆ ಕಟ್ಟಿದ್ದಾರೆ ಎಂದುಕೊಂಡರೆ ಉಳಿತಾಯ 62,400. ಬಂದ ಬಡ್ಡಿ 9,860, ದಂಡ 340. ಪುಸ್ತಕ, ಓಡಾಟದ ಖರ್ಚು 1,450. ಬ್ಯಾಂಕಿನಿಂದ ಸಂಘ ಇನ್ನೂ ಸಾಲ ಪಡೆದಿಲ್ಲ. ಬಂದದ್ದರಲ್ಲಿ ಖರ್ಚು ಕಳೆದರೆ 71,150. ಸದಸ್ಯೆಯರ ಸಾಲ ಬಾಕಿಗಳ ಮೊತ್ತ 58,000 ಎಂದು ನಮ್ಮ ಹಾಳೆ ಹೇಳುತ್ತದೆ. ಹಾಗಾದರೆ 13,150 ಸಂಘದ ಬಳಿ ಇರಬೇಕು. ಬ್ಯಾಂಕ್ ಪಾಸ್ ಬುಕ್ಕಿನಲ್ಲಿ 12,700, ಪೆಟ್ಟಿಗೆಯಲ್ಲಿ ನಗದು ಶಿಲ್ಕು 450. ಸರಿಹೊಂದಿತು.

ಹೊಂದದಿದ್ದರೆ ವ್ಯತ್ಯಾಸದ ಅಂಕಿಯನ್ನೇ ಸ್ವಲ್ಪ ಹೊತ್ತು ನೋಡಬೇಕು. ಅದು 9ರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬಹುದು, 450 ಹೋಗಿ 540 ಆದರೆ ವ್ಯತ್ಯಾಸ 90. ಒಂದು ಸೊನ್ನೆ ಹೆಚ್ಚಾಗಿ 50 ಹೋಗಿ 500 ಆದರೂ ವ್ಯತ್ಯಾಸ 450, ಅದೂ 9ರಿಂದ ಭಾಗವಾಗುತ್ತದೆ. ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧದಷ್ಟಿರುವ ಮೊತ್ತ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು, ಜಮೆ ಆಗಬೇಕಾದದ್ದು ಖರ್ಚಿನ ಕಡೆ ಹೋಗಿದ್ದರೆ ವ್ಯತ್ಯಾಸ ಅದರ ಎರಡು ಪಟ್ಟು ಇರುತ್ತದೆ. 1 ಅನ್ನು 7 ಎಂದು ಓದಿದ್ದರೆ ವ್ಯತ್ಯಾಸ 6, 60 ಅಥವಾ 600. ಇವು ಸುಳಿವುಗಳು ಮಾತ್ರ, ಎರಡು ತಪ್ಪು ಒಟ್ಟಿಗೆ ಆಗಿದ್ದರೆ ಕೈಕೊಡುತ್ತವೆ.

ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಈ ತಾಳೆಗಳ ಕೈಗೆ ಸಿಗದ ತಪ್ಪು ಒಂದಿದೆ. ಸದಸ್ಯೆ ದುಡ್ಡು ಕೊಟ್ಟು, ಅದು ಯಾವ ಪುಸ್ತಕಕ್ಕೂ ಏರದೇ ಹೋದರೆ ಎಲ್ಲ ಪುಸ್ತಕಗಳೂ ಪರಸ್ಪರ ಹೊಂದುತ್ತವೆ, ಎಲ್ಲವೂ ತಪ್ಪಾಗಿರುತ್ತವೆ. ಅದನ್ನು ಹಿಡಿಯಬಲ್ಲದ್ದು ಸದಸ್ಯೆಯ ಕೈಯಲ್ಲಿರುವ ಪಾಸ್ ಬುಕ್ ಮತ್ತು ಅವರ ನೆನಪು. ಹಾಗಾಗಿ ಸಿದ್ಧವಾದ ಪಟ್ಟಿಯನ್ನು ಮುಂದಿನ ಸಭೆಯಲ್ಲಿ ಒಬ್ಬೊಬ್ಬರ ಹೆಸರು ಕರೆದು, ಉಳಿತಾಯ ಇಷ್ಟು, ಸಾಲ ಬಾಕಿ ಇಷ್ಟು ಎಂದು ಗಟ್ಟಿಯಾಗಿ ಓದಬೇಕು. ವ್ಯತ್ಯಾಸ ಕಂಡ ಪುಟಗಳನ್ನು ಪ್ರಶ್ನೆಯಾಗಿಯೇ ಮುಂದಿಡಬೇಕು: “ಗಂಗಮ್ಮ, ನವೆಂಬರಿನಲ್ಲಿ ನೀವು ಕಟ್ಟಿದ ಅಸಲು ಸಾವಿರವೋ, ಒಂಬೈನೂರೋ? ಪಾಸ್ ಬುಕ್ ತೆಗೀರಿ.” ಉತ್ತರ ಸಿಕ್ಕ ಮೇಲೂ ಹಳೆಯ ಅಂಕಿಗೆ ವೈಟ್ನರ್ ಹಚ್ಚಬಾರದು, ಒಂದು ಗೆರೆ ಎಳೆದು ಸಹಿ ಹಾಕಿ, ಅವತ್ತಿನ ದಿನಾಂಕದಲ್ಲಿ ಸರಿಪಡಿಸಿದ ಮೊತ್ತವನ್ನು ಹೊಸ ಸಾಲಾಗಿ ಬರೆದು, ನಡಾವಳಿಯಲ್ಲಿ ಅದನ್ನು ದಾಖಲಿಸಬೇಕು. ಎಕ್ಸೆಲ್ ಹಾಳೆಯಲ್ಲಿ ಮಾತ್ರ ಸರಿಮಾಡಿ ಪುಸ್ತಕವನ್ನು ಹಾಗೇ ಬಿಟ್ಟರೆ, ಮುಂದಿನ ತಿಂಗಳು ಗಂಗಮ್ಮನಿಗೆ ಮತ್ತೆ 90ರ ಬದಲು 92 ರೂಪಾಯಿ ಬಡ್ಡಿ ಬೀಳುತ್ತದೆ.